ಸೀದಾ ಒಳಗೆ ಹೋದ ಮಂಚ

ತೆಕ್ಕಟ್ಟೆಯ ಬಾಡಿಗೆ ಮನೆ ಬಿಟ್ಟು ನಾವುಂದದ ಹೊಸ ಮನೆಗೆ ಬಂದಾಗ ನಾನೊಂದು ಕಾನೂನು ಮಾಡಿದ್ದೆ. ಯಾವ ಸಾಮಾನೂ ಸೀದಾ ಒಳಗೆ ಹೋಗುವಂತಿಲ್ಲ. ಅಂಗಳದ ಶೀಟಿನ ಮಾಡಿನಡಿ ಹಳೆ ಬಿಳಿ ಪಂಚೆ ಹಾಸಿ, ಎಲ್ಲವನ್ನೂ ಅದರ ಮೇಲೆ ಇಳಿಸಿದೆ. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳ ಮಡಿಕೆ ಬಿಡಿಸಿ ಜಿರಲೆ ಮೊಟ್ಟೆ ಹುಡುಕಿದೆ. ಅತ್ತೆಯ ಹಾಸಿಗೆಯ ಹೊಲಿಗೆಯನ್ನೂ ಬಿಡಲಿಲ್ಲ, ತಿಗಣೆಯ ಕಪ್ಪು ಚುಕ್ಕೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ. ಅತ್ತೆ ಮುಖ ಊದಿಸಿಕೊಂಡರು. ಗಂಡ ನನಗೆ ಚೆಕ್‌ಪೋಸ್ಟ್ ಎಂದು ಹೆಸರಿಟ್ಟರು.

ಅದೇ ಸಂಜೆ ಗುಲ್ವಾಡಿಯ ಅಕ್ಕನ ಮನೆಯಿಂದ ಗೂಡ್ಸ್ ರಿಕ್ಷಾದಲ್ಲಿ ಅಮ್ಮನ ಮಂಚ ಬಂತು. ಅಮ್ಮನನ್ನು ನಾವು ಅಬ್ಬಿ ಎನ್ನುತ್ತಿದ್ದೆವು. ಅಮ್ಮ ಹೋದ ಮೇಲೆ ಅದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಅಕ್ಕ ಕೊಟ್ಟಿರಲಿಲ್ಲ. ಈಗ ತಾನಾಗಿಯೇ ಪಾಲಿಶ್ ಮಾಡಿಸಿ ಕಳಿಸಿದ್ದಳು. ಹಿಂದೆಯೇ ಅವಳ ಫೋನು. ನನ್ನ ಕಾನೂನು ಅವಳಿಗೂ ಗೊತ್ತಿತ್ತು.

"ಅಬ್ಬಿ ಮಂಚ ಹೊರ್ಗ್ ಹಾಕ್ಬೇಡ. ಸೀದಾ ಒಳ್ಗ್ ತಕಂಡ್ ಹೋಗ್."

"ಹ್ವಾಯ್, ಇದನ್ ಕಾಂತಿಲ್ಯಾ?" ಎಂದು ಗಂಡ ಟಾರ್ಚ್ ಚಾಚಿ ಕೇಳಿದರು.

ತವರಿನಿಂದ ಬಂದದ್ದನ್ನು ಅತ್ತೆಯ ಕಣ್ಣೆದುರು ಮಗುಚಿ ಹಾಕುವುದೇ? ನನಗೆ ಸಿಟ್ಟು ಬಂತು. ಒಂದು ಕಾಲನ್ನೂ ತಟ್ಟಿ ನೋಡದೆ ಒಳಕೋಣೆಗೆ ಸಾಗಿಸಿದೆ. ಆ ರಾತ್ರಿ ಅದರ ಮೇಲೆ ಮಲಗಿ ಖುಷಿಯಿಂದ ಅತ್ತುಬಿಟ್ಟೆ.

ನಾಲ್ಕನೆಯ ದಿನ ನೆಲ ಒರೆಸುವಾಗ ಮಂಚದ ಕಾಲಬುಡದಲ್ಲಿ ಅಕ್ಕಿಹಿಟ್ಟಿನಂಥ ಹುಡಿ ಕಂಡಿತು. ಒರೆಸಿದೆ. ಮರುದಿನ ಮತ್ತೆ ಇತ್ತು. ಗಂಡನೂ ನಾನೂ ಸೇರಿ ಮಂಚವನ್ನು ಅಂಗಳಕ್ಕೆ ಹೊತ್ತು ಮಗುಚಿದೆವು. ಅಡಿಪಟ್ಟಿಯಲ್ಲಿ ಸೂಜಿಮೊನೆಯಷ್ಟು ದುಂಡನೆಯ ತೂತುಗಳು, ಒಳಗೆ ಆಗಷ್ಟೇ ಕೊರೆದ ಮರದ ಬಿಳಿ ಬಣ್ಣ. ಹಳೆಯ ತೂತಾದರೆ ಒಳಗೆ ಕಪ್ಪಾಗಿರುತ್ತದೆ. ಮರ ಕೊರೆಯುವ ಕುಟ್ಟೆಹುಳ ಇನ್ನೂ ಒಳಗೇ ಇತ್ತು. ಪಕ್ಕದಲ್ಲೇ ಇನ್ನಷ್ಟು ತೂತುಗಳಿಗೆ ಯಾರೋ ಮೇಣ ತುಂಬಿ, ಮೇಲೆ ಪಾಲಿಶ್ ಎಳೆದಿದ್ದರು. ಆ ಕೋಣೆಯಲ್ಲಿ ನನ್ನ ಹೊಸ ಕಪಾಟು, ಹೊಸ ಬಾಗಿಲು, ಎಲ್ಲ ಮರದ್ದೇ.

ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಗೊತ್ತಿರಲಿಕ್ಕಿಲ್ಲ, ಪಾಲಿಶಿನವನೇ ಮುಚ್ಚಿರಬೇಕು ಎಂದುಕೊಂಡೇ ಮಾಡಿದ್ದು.

"ಗೊತ್ತಿತ್ ಮಾರಾಯ್ತಿ," ಎಂದಳು. "ಇಲ್ಲೇ ಇಟ್ಕಂಡ್ರೆ ನಮ್ಮನಿ ಮಾಡಿನ್ ಮರದ್ ಪಕ್ಕಾಸಿಗೆಲ್ಲ ಹಿಡಿಯೂದಿಲ್ಯಾ? ನಿಂದ್ ಕಾಂಕ್ರೀಟಿನ್ ತಾರ್ಸಿ ಮನಿ ಅಲ್ದಾ."

"ಬಿಸಾಡೂಕಾತಿರ್ಲಿಲ್ಯಾ? ಅಬ್ಬಿ ಹೆಸ್ರ್ ಎಂತಕ್ ಹೇಳ್ದೆ?"

ಅಕ್ಕ ಸ್ವಲ್ಪವೂ ತಡವರಿಸಲಿಲ್ಲ.

"ಅಬ್ಬಿ ಹೆಸ್ರ್ ಹೇಳ್ದಿದ್ರೆ ನೀನ್ ಕಾಣ್ದೆ ಒಳ್ಗ್ ತಕಂತಿದ್ಯಾ?"