ಟೇಲರ್ ಮಾವನ ಬೆಕ್ಕಿನ ಕಿವಿ

ಟೇಲರ್ ಮಾವ ನಮ್ಮ ಪ್ರಾಣಿಗಳ ಆಸ್ಪತ್ರೆಗೆ ಮೊದಲ ಸಲ ಬಂದ ದಿನ ನಾನು ಅವರಿಗೆ ಚೆನ್ನಾಗಿ ಬೈದಿದ್ದೆ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ ನನ್ನದು. ನಾಯಿ ಬೆಕ್ಕುಗಳ ಹತ್ತಿರ ಬೆಣ್ಣೆಯಂತೆ ಇರುವವಳು ಮನುಷ್ಯರನ್ನು ಕಂಡರೆ ಸಿಡುಕುತ್ತೇನೆ, ಏನು ಮಾಡಲಿ, ಸ್ವಭಾವ. ಆದರೆ ಅವತ್ತು ಆಡಿದ ಒಂದು ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಬೆಳಗಿನ ಹತ್ತು ಗಂಟೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದ ಅರವತ್ತೈದರ ಮನುಷ್ಯ ಬುಟ್ಟಿಯ ಮುಚ್ಚಳ ತೆಗೆದರು. ಒಳಗೆ ಬೂದು ಬಣ್ಣದ ಹೆಣ್ಣು ಬೆಕ್ಕು. ಬಲಗಿವಿ ಪುಟ್ಟ ದಿಂಬಿನಂತೆ ಊದಿ ಕೆಳಗೆ ಜೋತಿತ್ತು. ಎಡಗಿವಿಯೋ, ಹಿಂಡಿ ಹಾಗೇ ಬಿಟ್ಟ ಬಟ್ಟೆಯ ಹಾಗೆ ಮುದುರಿತ್ತು.

"ಯಾವಾಗಿನಿಂದ ಹೀಗೆ?" ಎಂದೆ.

"ಬಲಗಿವಿ ಮೂರು ದಿನ ಆಯ್ತಮ್ಮ. ಎಡಗಿವಿ ಎರಡು ತಿಂಗಳ ಹಿಂದೆ ಹೀಗೇ ಊದಿತ್ತು. ಸೂಜಿ ಕಾಯಿಸಿ ನಾನೇ ಚುಚ್ಚಿದೆ. ರಕ್ತ ಹೋಗಿ ಇಳೀತು. ಮಾರನೇ ದಿನ ನೋಡಿದ್ರೆ ಮತ್ತೆ ಅಷ್ಟೇ ಊದಿದೆ. ಮತ್ತೆ ಚುಚ್ಚಿದೆ, ಮತ್ತೆ ಊದ್ತು. ಆಮೇಲೆ ಸುಮ್ನೆ ಬಿಟ್ಟೆ, ತಾನೇ ವಾಸಿ ಆಯ್ತು."

"ವಾಸಿ ಆಗ್ಲಿಲ್ಲ, ಮುದುರಿಕೊಂಡ್ತು! ಬಟ್ಟೆ ಹೊಲಿಯೋ ಸೂಜೀಲಿ ಕಿವಿ ಚುಚ್ಚೋದಾ? ನಿಮ್ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

"ಇದ್ಲು," ಎಂದರು ಅವರು.

ಅಷ್ಟರಲ್ಲಿ ಡಾಕ್ಟರಮ್ಮ ಒಳಗಿಂದ ಬಂದು ಬೆಕ್ಕಿನ ಗದ್ದ ಎತ್ತಿ ನೋಡಿದರು. "ಇದು ಚಿಂದಿ ಅಲ್ವಾ? ಗುಂಡಿ ಅಕ್ಕನ ಬೆಕ್ಕು?"

ಊದಿ ಮುದುರಿದ ಆ ಕಿವಿಗಳಿಂದಾಗಿ ನನಗೆ ಅದರ ಗುರುತೇ ಸಿಕ್ಕಿರಲಿಲ್ಲ. ಗುಂಡಿ ಅಕ್ಕ ಪ್ರತಿ ತಿಂಗಳೂ ಬರುತ್ತಿದ್ದ ಹೆಂಗಸು. ಗಂಡನ ಅಂಗಡಿಯಲ್ಲಿ ಗುಂಡಿ ಹಾಕಿ ಕಾಜಾ ಹೊಲಿಯುತ್ತೇನೆ ಅನ್ನುತ್ತಿದ್ದಳು. ಚೂರು ಬಟ್ಟೆಗಳ ಬುಟ್ಟಿಯಲ್ಲಿ ಬೆಳೆದದ್ದಕ್ಕೆ ಬೆಕ್ಕಿಗೆ ಚಿಂದಿ ಅಂತ ಹೆಸರು. ಅದರ ಕಿವಿಯೊಳಗೆ ಆಗಾಗ ಸೋಂಕು ಮರುಕಳಿಸುತ್ತಿತ್ತು. ವಾರಕ್ಕೊಮ್ಮೆ ಕಿವಿ ತೊಳೆಯಲು ಡಾಕ್ಟರಮ್ಮ ಕೊಡುತ್ತಿದ್ದ ದ್ರವದ ಬಾಟಲಿಗಾಗಿ ಬರುತ್ತಿದ್ದಳು, ಬಂದಾಗಲೆಲ್ಲ ನನ್ನ ಕೋಟಿನ ಸಡಿಲ ಗುಂಡಿಗಳನ್ನು ಹೊಲಿದುಕೊಟ್ಟು ಹೋಗುತ್ತಿದ್ದಳು. ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಅಂದುಕೊಂಡು ನಾನು ಸುಮ್ಮನಿದ್ದೆ.

ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಕಂದು ಬಣ್ಣದ ಅಂಟು ಕೊಳೆ ತುಂಬಿತ್ತು, ವಾಸನೆ ಬೇರೆ. "ತೊಳೆಯೋದು ನಿಲ್ಲಿಸಿದ್ರಾ? ಆ ಬಾಟಲಿ ಏನಾಯ್ತು?"

ಮಾವ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವಳು ಹೋದ ಮಾರನೇ ದಿನ ಕಪಾಟಿನಲ್ಲಿದ್ದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಎಸೆದುಬಿಟ್ಟೆ. ಕಣ್ಣಿಗೆ ಬೀಳೋದು ಬೇಡ ಅಂತ. ಎಲ್ಲಾ ಅವಳ ಔಷಧೀನೇ ಅಂದ್ಕೊಂಡಿದ್ದೆ. ಆಮೇಲೆ ಇದು ತಲೆ ಒದರೋಕೆ ಶುರು ಮಾಡ್ತು. ಅವಳು ಕೂತ್ಕೋತಿದ್ದ ಸ್ಟೂಲಿನ ಕೆಳಗೆ ಕೂತು ಪಟಪಟಾ ಅಂತ ಒದರೋದು. ಅವಳಿಲ್ಲ ಅನ್ನೋದನ್ನ ಒಪ್ತಾ ಇಲ್ಲ ಪಾಪ, ಅಂದ್ಕೊಂಡೆ. ನಾನೂ ಪಕ್ಕದಲ್ಲಿ ಕೂತು ಅಳ್ತಿದ್ದೆ. ಮನೇಲಿ ಜೊತೆಗೆ ಅಳೋಕೆ ಒಂದು ಜೀವ ಇದೆಯಲ್ಲ ಅಂತ ಸಮಾಧಾನ."

ಡಾಕ್ಟರಮ್ಮ ದೀಪ ಆರಿಸಿದರು. ಆಮೇಲೆ ಮೆಲ್ಲಗೆ, "ಕಿವಿ ಕಡಿತಾ ಇತ್ತು ಮಾವ, ನೋವೂ ಇತ್ತು. ಅದಕ್ಕೇ ಒದರ್ತಿತ್ತು," ಎಂದರು.

ಮಾವ ತಲೆಯಾಡಿಸಿದರು. ಆ ಮುಖ ನೋಡಲಾರದೆ ನಾನು ಇಲ್ಲದ ಹತ್ತಿ ಹುಡುಕುತ್ತಾ ಕಪಾಟಿನ ಕಡೆ ತಿರುಗಿದೆ.

ಕಿವಿ ಊದುವುದು ಯಾಕೆ ಅಂತ ಡಾಕ್ಟರಮ್ಮ ವಿವರಿಸತೊಡಗಿದರು. ಕಿವಿಯ ನಡುವೆ ಒಂದು ಮೆದು ಎಲುಬಿನ ಹಾಳೆ, ಅದರ ಎರಡೂ ಬದಿಗೆ ಚರ್ಮ. ಜೋರಾಗಿ ಒದರಿದಾಗ ಕಿವಿ ತಲೆಗೆ ಬಡಿದು ಒಳಗಿನ ಸಣ್ಣ ರಕ್ತನಾಳ ಒಡೆಯುತ್ತದೆ, ಚರ್ಮ ಆ ಹಾಳೆಯಿಂದ ಬಿಟ್ಟುಕೊಂಡು ನಡುವೆ ರಕ್ತ ತುಂಬುತ್ತದೆ.

ಮಾವ ಥಟ್ಟನೆ ತಮ್ಮ ಅಂಗಿಯ ಕಾಲರ್ ಹಿಡಿದರು. "ಹೀಗೆ ಅನ್ನಿ. ಎರಡು ಬಟ್ಟೆ, ನಡುವೆ ಕ್ಯಾನ್ವಾಸು. ಒಳಗೆ ಬಿಟ್ಕೊಂಡ್ರೆ ಕಾಲರ್ ಉಬ್ಬುತ್ತೆ."

"ಹೂಂ, ಹಾಗೇ. ನೀವು ಚುಚ್ಚಿ ರಕ್ತ ತೆಗೆದ್ರಿ. ಬಿಟ್ಕೊಂಡ ಜಾಗ ಹಾಗೇ ಇತ್ತಲ್ಲ, ಮತ್ತೆ ತುಂಬ್ತು. ಆ ಸೂಜಿಯಿಂದ ಕೀವಾಗದೇ ಇದ್ದದ್ದು ಅದೃಷ್ಟ."

"ನಲವತ್ತು ವರ್ಷ ಕಾಲರ್ ಹೊಲಿದಿದ್ದೀನಿ," ಎಂದರು ಮಾವ. "ಉಬ್ಬಿದ ಕಾಲರನ್ನ ಒತ್ತಿಬಿಟ್ರೆ ಸರಿಹೋಗಲ್ಲ, ಎಲ್ಲಾ ಪದರಕ್ಕೂ ಹೊಲಿಗೆ ಹಾಕ್ಬೇಕು. ಇದು ನನಗೆ ಹೊಳೀಲಿಲ್ಲ ನೋಡಿ."

ಮರುದಿನ ಬೆಳಿಗ್ಗೆ ಚಿಂದಿಗೆ ಅರಿವಳಿಕೆ ಕೊಟ್ಟು ಬಲಗಿವಿಯ ಒಳಬದಿಯಲ್ಲಿ ಉದ್ದಕ್ಕೆ ಕೊಯ್ದು, ರಕ್ತದ ಗಡ್ಡೆಗಳನ್ನು ತೆಗೆದು ತೊಳೆದೆವು. ಆಮೇಲೆ ಡಾಕ್ಟರಮ್ಮ ಚರ್ಮ, ಹಾಳೆ, ಚರ್ಮ ಮೂರನ್ನೂ ಸೇರಿಸಿ ಸಾಲು ಸಾಲು ಹೊಲಿಗೆ ಹಾಕಿದರು. ರಕ್ತನಾಳಗಳಿಗೆ ಅಡ್ಡ ಬರದಂತೆ ಎಲ್ಲವೂ ಕಿವಿಯ ಬುಡದಿಂದ ತುದಿಯ ಕಡೆಗೇ. ಕೊಯ್ದ ಗೆರೆಯನ್ನು ಪೂರ್ತಿ ಮುಚ್ಚದೆ ಒಳಗಿನ ನೀರು ಸೋರಿಹೋಗಲು ಸ್ವಲ್ಪ ಬಿಟ್ಟರು. ಮಾವ ಬಾಗಿಲ ಗಾಜಿನಾಚೆ ನಿಂತೇ ಇದ್ದರು. ಹೊಲಿಗೆ ಮುಗಿದಾಗ ಅವರ ತುಟಿ ಅಲುಗುವುದು ಕಂಡಿತು. ಎಣಿಸುತ್ತಿದ್ದರು.

ಬೆಕ್ಕು ಕೆರೆದುಕೊಳ್ಳದಂತೆ ಕೊರಳಿಗೆ ಅಗಲದ ಪ್ಲಾಸ್ಟಿಕ್ ಪಟ್ಟಿ ಹಾಕಿ ಕಳಿಸಿದೆ. ಎರಡು ದಿನಕ್ಕೆ ಗಾಯ ತೋರಿಸಲು ಬಂದಾಗ ನೋಡಿದರೆ ಪಟ್ಟಿಯ ಚೂಪಾದ ಅಂಚಿಗೆ ಮೆತ್ತನೆಯ ಬಟ್ಟೆಯ ಪೈಪಿಂಗ್ ಆಗಿದೆ. "ಕುತ್ತಿಗೆಗೆ ಉಜ್ಜುತ್ತಿತ್ತಮ್ಮ," ಎಂದರು. ನಾನು ಈ ಸಲ ಏನೂ ಬಯ್ಯಲಿಲ್ಲ.

ಮೂರು ವಾರಕ್ಕೆ ಹೊಲಿಗೆ ಬಿಚ್ಚಿದೆವು. ಬಲಗಿವಿ ನೆಟ್ಟಗೆ ನಿಂತಿತ್ತು. ಹೊಲಿಗೆ ಇದ್ದ ಕಡೆ ಸಣ್ಣ ಸಣ್ಣ ಕುಳಿ, ಅಷ್ಟೇ. ಮಾವ ಅದನ್ನು ಎರಡು ಬೆರಳ ನಡುವೆ ಹಿಡಿದು ಬಟ್ಟೆ ಪರೀಕ್ಷಿಸುವ ಹಾಗೆ ಸವರಿದರು. ಆಮೇಲೆ ಎಡಗಿವಿಯ ಮೇಲೆ ಕೈಯಿಟ್ಟು, "ಇದನ್ನೂ ಒಂದ್ಸಲ ಬಿಚ್ಚಿ ಹೊಲಿದುಬಿಡಿ ಡಾಕ್ಟರಮ್ಮ. ಅವಳು ಯಾವಾಗ್ಲೂ ಈ ಕಿವೀನೇ ಸವರ್ತಿದ್ಲು," ಎಂದರು.

"ಆಗಲ್ಲ ಮಾವ. ರಕ್ತ ಹೆಪ್ಪುಗಟ್ಟಿ ಒಳಗೆ ಗಟ್ಟಿ ಕಲೆಯಾಗಿ ಎಳೆದುಕೊಂಡಿದೆ. ಕಿವಿಯ ಬಾಯೂ ಕಿರಿದಾಗಿದೆ, ಇನ್ನು ತೊಳೆಯೋದು ಕಷ್ಟ. ಆದ್ರೂ ಬಿಡದೇ ತೊಳೀಬೇಕು."

"ತೊಳೀತೀನಿ," ಎಂದರು.

ಈಗ ಪ್ರತಿ ತಿಂಗಳೂ ಅವರೇ ಬರುತ್ತಾರೆ. ಹೋದ ತಿಂಗಳು ಬಂದಾಗ ಚಿಂದಿಯ ಕಾರ್ಡಿನಲ್ಲಿ ಇನ್ನೂ ಗುಂಡಿ ಅಕ್ಕನ ಹೆಸರಿರುವುದು ನನ್ನ ಕಣ್ಣಿಗೆ ಬಿತ್ತು. ನಿಮ್ಮ ಹೆಸರು ಬರೆದುಕೊಳ್ಳಲೇ ಎಂದು ಕೇಳಿದೆ. ಬೇಡ, ಇರಲಿ ಎಂದರು. ನನ್ನ ಕೋಟಿನ ಗುಂಡಿಯೊಂದು ನೇತಾಡುತ್ತಿದ್ದುದನ್ನು ನೋಡಿ ಜೇಬಿನಿಂದ ಸೂಜಿ ದಾರ ತೆಗೆದರು. ಅವರು ಹೊಲಿಯುವಾಗ ನಾನು ಮಾತಿಗೆಂದು ಕೇಳಿದೆ, "ಈಗ ಹೇಗಿದಾಳೆ ಮಾವ ಚಿಂದಿ? ತಲೆ ಒದರ್ತಾಳಾ?"

"ಇಲ್ಲಮ್ಮ, ಆರಾಮಾಗಿದಾಳೆ. ಸ್ಟೂಲಿನ ಕೆಳಗೆ ಹೋಗೋದೇ ಇಲ್ಲ, ಬುಟ್ಟೀಲಿ ಗಡದ್ದಾಗಿ ನಿದ್ದೆ ಮಾಡ್ತಾಳೆ." ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಎಚ್ಚರದಿಂದ ಜೇಬಿಗೆ ಸಿಕ್ಕಿಸಿಕೊಂಡರು. "ಮನೇಲಿ ಈಗ ಅಳೋನು ನಾನೊಬ್ನೇ."