ಕಿತ್ತುಹಾಕಿದ ನಾಲ್ಕು ಸಾಲು

ಬೇರೆಯವರು ಬರೆದಿಟ್ಟುಹೋದ ಪ್ರೋಗ್ರಾಂ ಓದುವುದೆಂದರೆ ಅತ್ತೆಯ ಅಡುಗೆಮನೆಗೆ ಹೊಸ ಸೊಸೆ ಹೊಕ್ಕಂತೆ. ಸಕ್ಕರೆ ಎಂದು ಬರೆದ ಡಬ್ಬಿ ತೆಗೆದರೆ ಉಪ್ಪು. ಬೆಳಗಾವಿಯ ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಅಂಥದ್ದೇ ಒಂದು. ಅದನ್ನು ಬರೆದವರು ಖಾನಾಪುರದ ಹೆಣ್ಣುಮಗಳು, ನನಗಿಂತ ಮೊದಲೇ ಕೆಲಸ ಬಿಟ್ಟಿದ್ದರು. ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಹೋಗಿ, ಸಕ್ಕರೆ ಕಾಯಿಲೆಯೇ ಇಲ್ಲದ ಅಜ್ಜಿಯೊಬ್ಬರು ಅದರ ಗುಳಿಗೆ ನುಂಗಿ ಎಚ್ಚರ ತಪ್ಪಿ ಬಿದ್ದಿದ್ದರಂತೆ. ಲ್ಯಾಬಿನ ಯಜಮಾನರಾದ ಡಾಕ್ಟರು ಪ್ರೋಗ್ರಾಂ ಬರೆದ ಈಕೆಯನ್ನು ಎಲ್ಲರೆದುರು ಬೈದರು. ಈಕೆ ಅವತ್ತೇ ಬ್ಯಾಗು ಹೆಗಲಿಗೇರಿಸಿ ಹೊರಟವರು ತಿರುಗಿ ಬರಲಿಲ್ಲ. ಆಮೇಲೆ ಅಲ್ಲಿ ಏನು ಕೆಟ್ಟರೂ "ಆಕಿ ಮಾಡಿಟ್ಟದ್ದು" ಎಂಬ ಒಂದೇ ಮಾತು.

ಕೆಲವು ವರ್ಷದ ಮೇಲೆ ಹೊಸ ಸಾಫ್ಟ್‌ವೇರ್ ಮಾಡಿಸುವುದೆಂದಾಯಿತು. ಹೊಸ ಕಂಪನಿಯವರಿಗೆ ಹಳೆಯದನ್ನು ಬಿಡಿಸಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಹೇಳಬೇಕಾದರೆ ಮೊದಲು ನನಗೆ ತಿಳಿಯಬೇಕಲ್ಲ.

ಬಾಗಿಲುಗಳಿಂದ ಶುರುಮಾಡಿದೆ. ಮಾಹಿತಿ ಎಲ್ಲೆಲ್ಲಿಂದ ಒಳಗೆ ಬರುತ್ತದೆ? ಕೌಂಟರಿನ ಪರದೆಯಿಂದ, ರಕ್ತ ಪರೀಕ್ಷಿಸುವ ಯಂತ್ರದಿಂದ. ಇಷ್ಟೇ ಅಂದುಕೊಂಡಿದ್ದೆ. ಆದರೆ ಕೆಲವು ರೋಗಿಗಳ ಹೆಸರು ಈ ಎರಡೂ ಕಡೆಯಿಂದ ಬಂದಿರಲಿಲ್ಲ. ಬೆನ್ನು ಹತ್ತಿದಾಗ ಮೂರನೆಯ ಬಾಗಿಲು ಸಿಕ್ಕಿತು: ಖಾನಾಪುರದಲ್ಲಿ ರಕ್ತ ತೆಗೆದು ಇಲ್ಲಿಗೆ ಕಳಿಸುವ ನಮ್ಮ ಸೆಂಟರಿನ ಹಳೇ ಕಂಪ್ಯೂಟರ್. ನೆಟ್ ಇಲ್ಲದಾಗ ಅದು ಹೆಸರುಗಳನ್ನು ತನ್ನಲ್ಲೇ ಇಟ್ಟುಕೊಂಡು, ನೆಟ್ ಬಂದಕೂಡಲೇ ತಾನೇ ಕಳಿಸುತ್ತಿತ್ತು.

ಆಮೇಲೆ ಒಂದು ರಕ್ತದ ಟ್ಯೂಬಿನ ಜಾಡು ಹಿಡಿದೆ. ಅದರ ಮೇಲೆ ಒಂದು ನಂಬರ್ ಅಂಟಿಸುತ್ತಾರೆ. ಯಂತ್ರಕ್ಕೆ ಹೆಸರು ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಅದು ಫಲಿತಾಂಶ ಕೊಟ್ಟಮೇಲೆ ಪ್ರೋಗ್ರಾಂ ಆ ನಂಬರಿನವರು ಯಾರೆಂದು ಹುಡುಕಿ ರಿಪೋರ್ಟು ತೆಗೆಯುತ್ತದೆ. ಖಾನಾಪುರದಲ್ಲಿ ಆ ನಂಬರ್ ಹುಟ್ಟುತ್ತಿದ್ದದ್ದು ಕಂಪ್ಯೂಟರಿನ ಗಡಿಯಾರದಿಂದ: ತಾರೀಖು, ಗಂಟೆ, ನಿಮಿಷ ಜೋಡಿಸಿ. ಗಡಿಯಾರದ ಮೇಲೆ ಇಡೀ ಲ್ಯಾಬು ನಿಂತಿದೆಯೆಂದು ಎಲ್ಲಿಯೂ ಬರೆದಿರಲಿಲ್ಲ.

ಅಲ್ಲಿನ ಸೆಂಟರಿಗೆ ಫೋನ್ ಮಾಡಿದೆ. ರಕ್ತ ತೆಗೆಯುವ ಅಕ್ಕ ನಕ್ಕರು. "ಕರೆಂಟ್ ಹೋಗಿ ಬಂತಂದ್ರ ಇದರ ತಾರೀಖ ಹಳೇದ ಆಗತೈತ್ರಿ. ಮಳಿಗಾಲದಾಗ ದಿನಾ ಇದ ಹಾಡು."

ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಗಡಿಯಾರ ಅದೇ ಹಳೆಯ ತಾರೀಖಿನಿಂದ, ಅದೇ ನಿಮಿಷದಿಂದ ಮತ್ತೆ ಶುರು. ನೆಟ್ ಇದ್ದರೆ ಸರಿಹೋಗುತ್ತಿತ್ತು. ಮಳೆಯಲ್ಲಿ ಅದೂ ಇರುತ್ತಿರಲಿಲ್ಲ. ಹಾಗಾಗಿ ಇಬ್ಬರಿಗೆ ಒಂದೇ ನಂಬರ್. ಆ ಅಜ್ಜಿಗೆ ಇನ್ನೊಬ್ಬರ ರಿಪೋರ್ಟು ಹೋದದ್ದು ಹೀಗೆ. ಇಷ್ಟೂ ಅಂದಾಜಿಲ್ಲದೆ ಆಕೆ ಬರೆದರಲ್ಲ ಎಂದು ನನಗೆ ಮೈ ಉರಿಯಿತು.

ಯಾವ ಸಾಲು ಯಾವಾಗ ಬದಲಾಯಿತೆಂಬ ಇತಿಹಾಸ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಅದನ್ನು ತೆಗೆದು ನೋಡಿದೆ. ಮೊದಲ ದಿನವೇ ಆಕೆ ನಾಲ್ಕು ಸಾಲು ಬರೆದಿದ್ದರು: ಕೊನೆಯ ರೋಗಿಯ ಹೆಸರು ಬರೆದ ಹೊತ್ತಿಗಿಂತ ಗಡಿಯಾರ ಹಿಂದಿದ್ದರೆ ನಂಬರ್ ಕೊಡಬೇಡ, ನಿಲ್ಲಿಸು. ಆಮೇಲೆ ಬೇರೆ ಯಾರೋ ಆ ಸಾಲುಗಳನ್ನು ಕಿತ್ತುಹಾಕಿದ್ದರು.

ಮೀಟಿಂಗಿನಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದ್ ನೋಡ್ರಿ. ಆಕಿ ಬಾಣಂತನಕ್ಕ ಹೋದಾಗ ಅಲ್ಲಿ ಕಂಪ್ಯೂಟರ್ ಘಳಿಗಿಗೊಮ್ಮೆ ನಿಲ್ಲತಿತ್ತು, ಮಂದಿ ಒದರಾಡತಿದ್ರು. ಹೊರಗಿನವ್ರನ್ನ ಕರಸಿ ಆ ಸಾಲು ತಗಸಿದ್ವಿ. ಮರತ ಹೋಗಿತ್ತು."

"ಮತ್ತ ಆಕಿಗೆ ಯಾರು ಹೇಳವ್ರು, ಸರ್?" ಎಂದೆ, ದನಿ ಸ್ವಲ್ಪ ಏರಿತ್ತು.

"ನೀವ ಹೇಳ್ರಲ್ಲ" ಎಂದು ಅವರು ಮುಂದಿನ ವಿಷಯಕ್ಕೆ ಹೋದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು.

ಮರುದಿನವೇ ಪೀರನವಾಡಿ ದಾಟಿ ಖಾನಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಬಾಜು ಗಂಡನ ಝೆರಾಕ್ಸ್ ಅಂಗಡಿಯಲ್ಲಿ ಆಕೆ ಇದ್ದರು. ಮೂಲೆಯಲ್ಲಿ ಕಂಪ್ಯೂಟರ್ ಇತ್ತು. ನಾನು ಅತ್ತ ನೋಡಿದ್ದು ಕಂಡು, "ಅದನ್ನ ನಮ್ಮ ಮನಿಯವರ ನೋಡತಾರ್ರಿ, ನಾ ಮುಟ್ಟಂಗಿಲ್ಲ" ಎಂದರು. ನಾನು ಲ್ಯಾಬಿನವನೆಂದು ತಿಳಿದೊಡನೆ ಮೊದಲು ಕೇಳಿದ್ದು, "ಆ ಅಜ್ಜಿ ಹೆಂಗ ಅದಾರ್ರಿ?"

"ಅವರು ಆವಾಗ್ಲೇ ಆರಾಮ ಆಗ್ಯಾರ್ರಿ" ಎಂದೆ. ಆಮೇಲೆ ಗಡಿಯಾರ, ಬ್ಯಾಟರಿ, ಕಿತ್ತ ಸಾಲು, ಎಲ್ಲ ಒಂದೊಂದಾಗಿ ಹೇಳಿದೆ. ಹಗುರಾಗುತ್ತಾರೆ, ನಾಲ್ಕು ಮಾತು ಬೈದಾರು ಎಂದುಕೊಂಡಿದ್ದೆ. ಅವರು ಕಾಗದದ ಕಟ್ಟನ್ನು ತಟ್ಟಿ ತಟ್ಟಿ ಸರಿಮಾಡುತ್ತಲೇ ಇದ್ದರು.

"ಆ ಸಾಲು ಅಲ್ಲೇ ಅದಾವ ಅಂತ ತಿಳದಿದ್ದೆ. ಇದ್ದೂ ಹಿಂಗಾತಂದ್ರ ನನಗ ಈ ಕೆಲಸ ಬರಂಗಿಲ್ಲ ಅನಸ್ತು. ಆಮ್ಯಾಲೆ ಎರಡ ಕಡೆ ಕರದಿದ್ರು, ಹೋಗಲಿಲ್ರಿ. ಮತ್ತ ಯಾರರೆ ಬಿದ್ರ ಅಂತ ಅಂಜಿಕಿ."

"ಈಗರೆ ಬರ್ರಿ. ಹೊಸ ಕಂಪನಿಯವರಿಗೆ ನಾ ಹೇಳತೀನಿ."

"ಎಲ್ಲಾ ಮರತೀನ್ರಿ."

ಗಿರಾಕಿಯೊಬ್ಬರು ಆಧಾರ್ ಕಾರ್ಡು ಚಾಚಿದರು. ಆಕೆ ಅದನ್ನು ಯಂತ್ರದೊಳಗಿಟ್ಟು, ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ನನ್ನತ್ತ ತಿರುಗಿದರು.

"ಹಂಗಾರ ನಾ ಸುಮ್ಮಸುಮ್ಮನ ಬಿಟ್ಟೆ, ಅಲ್ರಿ?"

ಹೂಂ ಎಂದೆ.