ಅನುವಾದಕನಿಗೆ ಸಿಕ್ಕ ‘ಅತ್ಯುತ್ತಮ’

ವಾರ್ಡಿನಲ್ಲಿ ಕಂಡ ಮೊದಲ ಸಾವಿನ ಬಗ್ಗೆ ಎರಡು ಪುಟ ಬರೆದು ಕೊಡಬೇಕೆಂಬ ನಿಯಮ ನಮ್ಮ ಮೆಡಿಕಲ್ ಕಾಲೇಜಿನಲ್ಲಿತ್ತು. ಏನಾಯಿತು, ಏನನಿಸಿತು, ಏನು ಕಲಿತಿರಿ, ಮುಂದೆ ಏನು ಬದಲಿಸುತ್ತೀರಿ. ನಾಲ್ಕು ಚೌಕ ತುಂಬಿದರೆ ದುಃಖ ಪಾಸು. ನನಗೆ ‘ಅತ್ಯುತ್ತಮ’ ಬಂತು. ಕರ್ಮ!

ಸತ್ತವರು ಇಲ್ಲಿ ಗಲ್ಫಿನಲ್ಲಿ, ಮಹಬೂಲಾದ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದವರು, ನಮ್ಮ ಕರಾವಳಿಯವರೇ. ಭಾರೀ ಹೃದಯಾಘಾತವಾಗಿ, ಬಿಪಿ ಏರಿಸುವ ಔಷಧಿಯ ಡ್ರಿಪ್ಪಿನ ಮೇಲೆ ಬದುಕಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಅರಬ್ಬಿ ‘ಯಲ್ಲಾ’ ‘ಖಲಾಸ್’ಗಿಂತ ಮುಂದೆ ಹೋಗದು. ಬೆಳಿಗ್ಗೆ ಹತ್ತರ ರೌಂಡ್ಸಿನಲ್ಲಿ ಈಜಿಪ್ಟಿನ ಡಾಕ್ಟರು ನನ್ನನ್ನು ಮುಂದೆ ತಳ್ಳಿದರು. ಹೃದಯ ತೀರಾ ಸೋತಿದೆ, ಉಳಿಯದಿರಬಹುದು, ಮನೆಯವರ ಹತ್ತಿರ ಇವತ್ತೇ ಮಾತಾಡಲಿ, ಹಾಗಂತ ಹೇಳು ಎಂದರು.

ನಮ್ಮವರಲ್ಲಿ ರೋಗಿಯ ಮುಖಕ್ಕೆ ಸಾವಿನ ಸುದ್ದಿ ಹೇಳುವವನು ಮನುಷ್ಯನೇ ಅಲ್ಲ. ನಾನು ದೊಡ್ಡ ಮನುಷ್ಯನಾದೆ. “ಹಾರ್ಟ್ ಸ್ವಲ್ಪ ವೀಕ್ ಉಂಟು. ಮದ್ದು ಕೊಡ್ತಾ ಇದ್ದಾರೆ. ಬೇಕಾದ್ರೆ ಮನೆಗೆ ಫೋನ್ ಮಾಡ್ಬಹುದಂತೆ.”

“ಈಗ ಬೇಡ ಮಾರಾಯ್ರೆ. ಈ ಸ್ವರ ಕೇಳಿದ್ರೆ ಹೆಂಡ್ತಿ ಹೆದರ್ತಾಳೆ. ಸ್ವಲ್ಪ ಹುಷಾರಾದ ಮೇಲೆ ಮಾಡ್ತೇನೆ,” ಎಂದರು ಅವರು.

ಡಾಕ್ಟರಿಗೆ, “ಅರ್ಥವಾಗಿದೆ, ನಂತರ ಮಾತಾಡ್ತಾರಂತೆ,” ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಎಂಥ ಚೊಕ್ಕ ಅನುವಾದ! ನಾಚಿಕೆಗೆಟ್ಟವನು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಮಾನಿಟರ್ ಕೂಗಿತು. ಪರದೆ ಎಳೆದರು. ಎರಡೆರಡು ನಿಮಿಷಕ್ಕೆ ಕೈ ಬದಲಿಸಿಕೊಂಡು ಎದೆ ಒತ್ತಿದೆವು. ನನ್ನ ಸರದಿಯಲ್ಲಿ ಅಂಗೈ ಕೆಳಗೆ ಪಕ್ಕೆಲುಬು ಲಟಕ್ಕೆಂದಿತು. ನಡುನಡುವೆ ಅಡ್ರಿನಲಿನ್ ಕೊಟ್ಟರು. ಪ್ರತಿ ಸಲ ನಿಲ್ಲಿಸಿ ನೋಡಿದಾಗಲೂ ಗೆರೆ ಚಪ್ಪಟೆ. ಶಾಕ್ ಕೊಡಲು ಹೃದಯದಲ್ಲಿ ಅದುರಾಟವಾದರೂ ಇರಬೇಕಲ್ಲ. ಅರ್ಧ ಗಂಟೆಯ ಬಳಿಕ ಡಾಕ್ಟರು ಎಲ್ಲರನ್ನೂ ಒಮ್ಮೆ ಕೇಳಿ, ಸಾಕು ಎಂದರು. ಕೆಲವು ನಿಮಿಷ ಕಾದು, ಕಣ್ಣಿಗೆ ಟಾರ್ಚ್ ಬಿಟ್ಟು, ಎದೆಗೆ ಸ್ಟೆತಸ್ಕೋಪ್ ಇಟ್ಟು ಸುಮ್ಮನೆ ಆಲಿಸಿ, ಗಡಿಯಾರ ನೋಡಿ ಹೊತ್ತು ಬರೆಸಿದರು. ಮಲಯಾಳಿ ಸಿಸ್ಟರ್ ರೆಪ್ಪೆ ಮುಚ್ಚಿದರು.

ಊರಿಗೆ, ಅವರ ಹೆಂಡತಿಗೆ ಫೋನ್ ಹಚ್ಚಿದಾಗ ಮತ್ತೆ ಅನುವಾದಕ ನಾನೇ. ಡಾಕ್ಟರು ಹೇಳಿದ್ದನ್ನು ಈ ಸಲ ಒಂದಕ್ಷರ ಬಿಡದೆ ಹೇಳಿದೆ.

ಕೊನೆಯ ಚೌಕದಲ್ಲಿ, ‘ಅರಬ್ಬಿ ಇನ್ನಷ್ಟು ಕಲಿಯುತ್ತೇನೆ’ ಎಂದು ಬರೆದೆ. ರೋಗಿಗೆ ಅವನದೇ ಭಾಷೆಯಲ್ಲಿ ಸಾಂತ್ವನ ಕೊಟ್ಟಿದ್ದಾನೆಂದು ಪ್ರೊಫೆಸರು ತರಗತಿಯಲ್ಲಿ ಓದಿ ಹೊಗಳಿದರು. ನಾನು ತಲೆ ತಗ್ಗಿಸಿ ಕೂತೆ. ಅದನ್ನೂ ವಿನಯ ಅಂದುಕೊಂಡರು.

ಫೋನಿನಲ್ಲಿ ಅವರ ಹೆಂಡತಿ ಕೊನೆಗೆ ಕೇಳಿದ್ದನ್ನು ಮಾತ್ರ ಯಾವ ಚೌಕದಲ್ಲೂ ಬರೆಯಲಿಲ್ಲ.

“ನಮಗೊಂದು ಫೋನ್ ಮಾಡ್ಲಿಕ್ಕೂ ಪುರುಸೊತ್ತು ಸಿಗ್ಲಿಲ್ವಾ ಅವರಿಗೆ?”

“ಇಲ್ಲಮ್ಮ, ಸಿಗ್ಲಿಲ್ಲ,” ಎಂದೆ. ಇಪ್ಪತ್ತೆರಡು ಗಂಟೆ ಸಿಕ್ಕಿತ್ತು.